ಹತ್ತಕ್ಕೆ ಹನ್ನೆರಡರ ಕೋಣೆಗೆ ಗಾರೆ ಎಷ್ಟು ದಿನ?

ತಪ್ಪು ಕಲ್ಪನೆ: ಒಬ್ಬ ಗಾರೆಯವರು ದಿನಕ್ಕೆ 200 ಚದರಡಿ ಪ್ಲಾಸ್ಟರಿಂಗ್ ಮಾಡುತ್ತಾರೆ. ಒಟ್ಟು ಅಳತೆಯನ್ನು ಅದರಿಂದ ಭಾಗಿಸಿದರೆ ದಿನಗಳ ಲೆಕ್ಕ ಸಿಕ್ಕಿತು.

ಸತ್ಯ: 200 ಎಂಬುದು ಸುಳ್ಳಲ್ಲ. ಕಿಟಕಿ, ಬಾಗಿಲು ಏನೂ ಇಲ್ಲದ ಉದ್ದನೆಯ ಕಾಂಪೌಂಡ್ ಗೋಡೆಗೆ ಒರಟು ಗಾರೆಯಾದರೆ, ಕೈಗೆ ಕಲಸು ಕೊಡಲು ಇಬ್ಬರು ಹೆಲ್ಪರ್‌ಗಳಿದ್ದರೆ ಅಷ್ಟು ಆಗುತ್ತದೆ. ಮನೆಯೊಳಗಿನ ಅರ್ಧ ಇಂಚಿನ ನಯ ಗಾರೆಗೆ ಒಬ್ಬ ಗಾರೆಯವರು, ಒಬ್ಬ ಹೆಲ್ಪರ್ ಸೇರಿ ದಿನಕ್ಕೆ 100ರಿಂದ 120 ಚದರಡಿ ಎಂದು ಹಿಡಿಯುವುದು ಸರಿ. ಅದೂ ಬಯಲು ಗೋಡೆಗೆ. ತಲೆಯೆತ್ತಿ ಮಾಡಬೇಕಾದ ಸೀಲಿಂಗ್‌ಗೆ 70 ಚದರಡಿ ಸಿಕ್ಕರೆ ಒಳ್ಳೆಯ ಕೆಲಸವೆನ್ನಬೇಕು.

ಒಂದು ಕೋಣೆಯನ್ನೇ ತೆಗೆದುಕೊಳ್ಳೋಣ. ಹತ್ತು ಅಡಿಗೆ ಹನ್ನೆರಡು ಅಡಿ, ಎತ್ತರ ಹತ್ತಡಿ. ನಾಲ್ಕು ಗೋಡೆ ಸೇರಿ 440 ಚದರಡಿ; ಒಂದು ಬಾಗಿಲು, ಒಂದು ಕಿಟಕಿ ಕಳೆದರೆ ಹೆಚ್ಚುಕಡಿಮೆ 400. ಸೀಲಿಂಗ್ 120. ಇಬ್ಬರು ಗಾರೆಯವರು, ಇಬ್ಬರು ಹೆಲ್ಪರ್‌ಗಳ ತಂಡ. 200ರ ಲೆಕ್ಕದಲ್ಲಿ ಇದು ಸುಮಾರು ಒಂದೂಕಾಲು ದಿನದ ಕೆಲಸ.

ನಡೆಯುವುದು ಬೇರೆ. ಮೊದಲು ಬೀಮ್ ಮತ್ತು ಇಟ್ಟಿಗೆ ಸೇರುವ ಕಡೆ ಮೆಶ್ ಹೊಡೆಯಬೇಕು, ಎಲೆಕ್ಟ್ರಿಕಲ್ ಪೈಪಿಗೆ ಕೊರೆದ ಗಾಡಿಗಳನ್ನು ಮುಚ್ಚಬೇಕು, ಗೋಡೆ ನೆನೆಸಬೇಕು, ತೂಗುಗುಂಡು ಬಿಟ್ಟು ಮಟ್ಟದ ಗುರುತು ಇಡಬೇಕು. ಇದಕ್ಕೆ ಅರ್ಧ ದಿನ ಹೋಗುತ್ತದೆ, ಒಂದು ಚದರಡಿಯೂ ಅಳತೆಗೆ ಸಿಗುವುದಿಲ್ಲ. ಸೀಲಿಂಗ್‌ಗೆ ಸಾರುವೆ ಕಟ್ಟಿ ಮುಗಿಸಲು ಹತ್ತಿರ ಹತ್ತಿರ ಒಂದು ದಿನ. ಗೋಡೆಗಳಿಗೆ ಎರಡು ದಿನಕ್ಕೆ ಸ್ವಲ್ಪ ಕಡಿಮೆ. ಉಳಿದದ್ದು ಕಿಟಕಿಯ ಪಕ್ಕಗಳು, ಮೂಲೆಗಳು, ಸ್ವಿಚ್ ಬಾಕ್ಸಿನ ಸುತ್ತು. ನಾಲ್ಕೈದು ಇಂಚು ಅಗಲದ ಕಿಟಕಿಯ ಪಕ್ಕಕ್ಕೂ ಮಟ್ಟಗೋಲು ಹಿಡಿಯಬೇಕು, ಅಂಚು ತೀಡಬೇಕು. ಅದು ತಿನ್ನುವ ಹೊತ್ತಿನಲ್ಲಿ ಬಯಲು ಗೋಡೆಯ ದೊಡ್ಡ ಭಾಗವೇ ಮುಗಿದಿರುತ್ತದೆ. ಇದಕ್ಕೆ ಇನ್ನರ್ಧ ದಿನ. ಕೂಡಿದರೆ ಮೂರೂವರೆಯಿಂದ ನಾಲ್ಕು ದಿನ. ಮನೆ ಕಟ್ಟಿಸುವವರು ಮತ್ತು ಮೇಸ್ತ್ರಿಯ ನಡುವೆ ನಾನು ನೋಡಿದ ಎಷ್ಟೋ ಮನಸ್ತಾಪಗಳು ಈ ಎರಡೂವರೆ ದಿನದ ಅಂತರದಲ್ಲೇ ಹುಟ್ಟಿದವು. ಅಲ್ಲಿ ಯಾರೂ ಸೋಮಾರಿಗಳಾಗಿರಲಿಲ್ಲ, ಲೆಕ್ಕ ತಪ್ಪಿತ್ತು.

ತಪ್ಪು ಕಲ್ಪನೆ: ಜನ ದುಪ್ಪಟ್ಟಾದರೆ ದಿನ ಅರ್ಧ.

ಸತ್ಯ: ಗಾರೆ ಕೆಲಸದಲ್ಲಿ ಕಾಯುವುದೂ ಒಂದು ಕೆಲಸ. ಕರಣೆಯಿಂದ ಕಲಸು ಎಸೆದ ಮೇಲೆ ಗೋಡೆ ನೀರು ಎಳೆದುಕೊಳ್ಳಬೇಕು. ಬೆರಳಿಂದ ಒತ್ತಿದರೆ ಗುರುತು ಬೀಳಬೇಕು, ಕಲಸು ಬೆರಳಿಗೆ ಅಂಟಬಾರದು. ಆಗಲೇ ಮಟ್ಟಗೋಲು ಎಳೆದು ಉಜ್ಜಲು ಬರುವುದು. ಆ ಹೊತ್ತನ್ನು ಹೆಚ್ಚು ಜನ ಕಡಿಮೆ ಮಾಡಲಾರರು. ಒಮ್ಮೆಗೇ ಹೆಚ್ಚು ಕಲಸಿಟ್ಟರೂ ಪ್ರಯೋಜನವಿಲ್ಲ: ನೀರು ಬಿದ್ದ ಸಿಮೆಂಟ್ ಕಲಸನ್ನು ಅರ್ಧ ಗಂಟೆಯ ಆಸುಪಾಸಿನಲ್ಲಿ ಬಳಸಿ ಮುಗಿಸಬೇಕು, ಗಟ್ಟಿಯಾದದ್ದಕ್ಕೆ ಮತ್ತೆ ನೀರು ಹಾಕಿ ಕಲಸಿದರೆ ಬಲವಿರುವುದಿಲ್ಲ. ಇಷ್ಟು ಚಿಕ್ಕ ಕೋಣೆಯಲ್ಲಿ ಇಬ್ಬರು ಗಾರೆಯವರು ಆರಾಮವಾಗಿ ತಿರುಗಾಡಬಹುದು. ಮೂರನೆಯವರು ಬಂದರೆ ಸಾರುವೆಯ ಹಲಗೆಗೇ ಕಾಯಬೇಕು. ನಾಲ್ವರು ಬೇಕೇಬೇಕೆಂದರೆ ಎರಡು ಕೋಣೆ ತೆರೆದುಕೊಡಿ, ಹೆಲ್ಪರ್‌ಗಳನ್ನೂ ನಾಲ್ವರಿಗೆ ಏರಿಸಿ.

ಅವಸರ ಮಾಡಿಸಿದರೆ ಏನಾಗುತ್ತದೆಂದು ಗೋಡೆಯೇ ತೋರಿಸುತ್ತದೆ. ನೀರು ಎಳೆಯುವವರೆಗೆ ಕಾಯದೆ ಒಣ ಸಿಮೆಂಟ್ ಎರಚಿ ಉಜ್ಜಿದ ಕಡೆ ಕೆಲವು ದಿನಗಳಲ್ಲಿ ಜೇಡರ ಬಲೆಯಂಥ ಸಣ್ಣ ಬಿರುಕು ಕಾಣುತ್ತದೆ. ಒಣಗಿದ ಗೋಡೆಗೆ ನೆನೆಸದೆ ಹೊಡೆದ ಗಾರೆಯನ್ನು ನಾಣ್ಯದಿಂದ ತಟ್ಟಿ ನೋಡಿ, ಪೊಳ್ಳು ಸದ್ದು ಬರುತ್ತದೆ. ಅದನ್ನು ಕಿತ್ತು ಮತ್ತೆ ಮಾಡುವುದಕ್ಕೆ ಉಳಿಸಿದ ದಿನಕ್ಕಿಂತ ಹೆಚ್ಚು ದಿನ ಬೇಕು.

ತಪ್ಪು ಕಲ್ಪನೆ: ಟೈಲ್ಸ್ ದೊಡ್ಡದಿದ್ದರೆ ಎಲ್ಲ ಕಡೆಯೂ ಬೇಗ ಮುಗಿಯುತ್ತದೆ.

ಸತ್ಯ: ಹಾಲ್‌ನ ನೆಲಕ್ಕೆ ಹೌದು. ಎರಡಡಿ ಟೈಲ್ಸ್ ಆದರೆ ಒಬ್ಬ ಟೈಲ್ಸ್ ಕೆಲಸದವರು, ಒಬ್ಬ ಹೆಲ್ಪರ್ ದಿನಕ್ಕೆ 100 ಚದರಡಿ ದಾಟುತ್ತಾರೆ. ಅದೇ ಜೋಡಿ ಬಾತ್‌ರೂಮಿನ ಗೋಡೆ, ನೆಲಕ್ಕೆ ಹೋದರೆ 50-60ಕ್ಕೆ ಇಳಿಯುತ್ತದೆ. ನಲ್ಲಿಯ ತೂತು, ಮೂಲೆಯ ಕಟಿಂಗ್, ನೆಲದ ಇಳಿಜಾರು ಅಲ್ಲಿ ದಿನವನ್ನು ತಿನ್ನುತ್ತವೆ. ಟೈಲ್ಸ್ ಅಗಲವಾದಷ್ಟೂ ಆ ಇಳಿಜಾರಿಗೆ ಬಗ್ಗುವುದು ಕಷ್ಟ, ಕತ್ತರಿಸುವುದು ಜಾಸ್ತಿ.

ನಿಮ್ಮ ಸೈಟಿನ ನಿಜವಾದ ಅಂಕಿ ಬೇಕಾದರೆ ಮೊದಲ ಕೋಣೆಯಲ್ಲೇ ಸಿಗುತ್ತದೆ. ಕ್ಯೂರಿಂಗ್ ಲೆಕ್ಕಕ್ಕೆಂದು ಪ್ರತಿ ಗೋಡೆಯ ಮೇಲೂ ಗಾರೆ ಮುಗಿದ ತಾರೀಖು ಬರೆಯುವ ರೂಢಿ ಇದೆಯಲ್ಲ, ಅದರ ಕೆಳಗೆ ಆ ದಿನ ಎಷ್ಟು ಜನ ಇದ್ದರೆಂದೂ ಬರೆಸಿ. ಎರಡನೇ ಕೋಣೆ ಶುರುವಾಗುವ ಹೊತ್ತಿಗೆ ಬೇರೆ ಯಾರ ಅಂದಾಜೂ ನಿಮಗೆ ಬೇಕಾಗಿರುವುದಿಲ್ಲ.