ಟವೆಲ್ ವಾರ್ಮರ್ ದಿನಕ್ಕೆ ಒಂದು ರೂಪಾಯಿಯಲ್ಲಿ ಬಚ್ಚಲುಮನೆ ಬೆಚ್ಚಗಾಗಿಸುತ್ತದೆಯೇ?

ಚಳಿ ಶುರುವಾದರೆ ಟವೆಲ್ ಬಿಸಿ ಮಾಡುವ ಕಂಬಿ ಮತ್ತು ನೆಲ ಬಿಸಿ ಮಾಡುವ ಅಂಡರ್‌ಫ್ಲೋರ್ ಹೀಟಿಂಗ್‌ನ ವಿಡಿಯೋಗಳು ಮೊಬೈಲ್‌ಗೆ ಬರುತ್ತವೆ. ‘ದಿನಕ್ಕೆ ಒಂದೇ ರೂಪಾಯಿ ಖರ್ಚು, ಬಚ್ಚಲುಮನೆ ಪೂರ್ತಿ ಬೆಚ್ಚಗೆ’ ಎನ್ನುವ ಮಾತು ಎಷ್ಟು ನಿಜ? ನಾವು ಲೆಕ್ಕ ಹಾಕಿ ನೋಡಿದೆವು.

ಮೊದಲು ಖರ್ಚು. 100 ವ್ಯಾಟ್‌ನ ಟವೆಲ್ ವಾರ್ಮರ್ ಎರಡು ಗಂಟೆ ಉರಿದರೆ 0.2 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಎಂದು ಹಿಡಿದರೆ 1 ರೂಪಾಯಿ 20 ಪೈಸೆ. ಅಂದರೆ ಖರ್ಚಿನ ಮಾತು ಸುಮಾರಾಗಿ ಸರಿ. ಆದರೆ ಸ್ವಿಚ್ ಆಫ್ ಮಾಡಲು ಮರೆತು ಹಗಲೂ ರಾತ್ರಿ ಬಿಟ್ಟರೆ ತಿಂಗಳಿಗೆ 72 ಯೂನಿಟ್, ಸುಮಾರು 430 ರೂಪಾಯಿ. ಗೃಹಜ್ಯೋತಿ ಇರುವ ಮನೆಯಲ್ಲಿ ಇದರಿಂದ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ ಕಟ್ಟಬೇಕಾಗುತ್ತದೆ. ಹಾಗಾಗಿ ಟೈಮರ್ ಇರುವುದನ್ನೇ ಕೊಳ್ಳಿ.

ಇನ್ನು ಬೆಚ್ಚಗಾಗುವ ಮಾತು. ಸುಮ್ಮನೆ ಕುಳಿತ ಒಬ್ಬ ಮನುಷ್ಯನ ಮೈಯಿಂದಲೂ ಸುಮಾರು 100 ವ್ಯಾಟ್ ಶಾಖ ಹೊರಬರುತ್ತದೆ. ಇನ್ನೊಬ್ಬರು ಬಂದು ನಿಂತರೆ ಬಚ್ಚಲುಮನೆ ಎಷ್ಟು ಬೆಚ್ಚಗಾದೀತೋ, ಈ ಕಂಬಿಯಿಂದಲೂ ಅಷ್ಟೇ. ರೂಮ್ ಹೀಟರ್‌ಗಳು 1000ದಿಂದ 2000 ವ್ಯಾಟ್ ಇರುವುದು ಇದಕ್ಕೇ. ಟವೆಲ್ ವಾರ್ಮರ್‌ನ ನಿಜವಾದ ಕೆಲಸ ಟವೆಲ್ ಒಣಗಿಸುವುದು. ಮಳೆಗಾಲದಲ್ಲಿ ಬಟ್ಟೆ ಒಣಗದ ಮಡಿಕೇರಿಯಂಥ ಊರುಗಳಲ್ಲಿ ಇದು ಉಪಯೋಗಕ್ಕೆ ಬರುತ್ತದೆ. ಆದರೆ ಟವೆಲ್‌ನ ನೀರು ಆವಿಯಾಗಿ ಕೋಣೆಯಲ್ಲೇ ಉಳಿದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಎಕ್ಸಾಸ್ಟ್ ಫ್ಯಾನ್ ಹಾಕಿ ಅಥವಾ ಕಿಟಕಿ ತೆರೆದಿಡಿ.

ಅಂಡರ್‌ಫ್ಲೋರ್ ಹೀಟಿಂಗ್‌ನಲ್ಲಿ ಟೈಲ್ಸ್ ಕೆಳಗೆ ಬಿಸಿಯಾಗುವ ಕೇಬಲ್ ಇರುತ್ತದೆ. ಒಂದು ಚದರ ಮೀಟರ್‌ಗೆ ಸಾಮಾನ್ಯವಾಗಿ 150 ವ್ಯಾಟ್. ಸಣ್ಣ ಬಚ್ಚಲುಮನೆಯಲ್ಲಿ ಎರಡು ಚದರ ಮೀಟರ್ ನೆಲಕ್ಕೆ 300 ವ್ಯಾಟ್. ಬೆಳಗ್ಗೆ ಎರಡು ಗಂಟೆಗೆ 3 ರೂಪಾಯಿ 60 ಪೈಸೆ. ಕರೆಂಟ್ ಖರ್ಚು ದೊಡ್ಡದಲ್ಲ, ಕಷ್ಟ ಇರುವುದು ಕೂರಿಸುವುದರಲ್ಲಿ. ಟೈಲ್ಸ್ ಒಡೆದು, ಕೇಬಲ್ ಕೆಳಗೆ ಶಾಖ ತಡೆಯುವ ಹಲಗೆ ಹಾಕಬೇಕು. ಇಲ್ಲದಿದ್ದರೆ ಬಿಸಿ ಕಾಂಕ್ರೀಟ್‌ಗೆ ಇಳಿದು, ನೆಲ ಬೆಚ್ಚಗಾಗುವಷ್ಟರಲ್ಲಿ ನಿಮ್ಮ ಸ್ನಾನವೇ ಮುಗಿದಿರುತ್ತದೆ. ನೆಲದ ಎತ್ತರ ಹೆಚ್ಚುವುದರಿಂದ ನೀರು ಹರಿಯುವ ಇಳಿಜಾರು, ವಾಟರ್‌ಪ್ರೂಫಿಂಗ್ ಎರಡನ್ನೂ ಮತ್ತೆ ಮಾಡಿಸಬೇಕು. ಬಾಡಿಗೆ ಮನೆಗೆ ಇದು ಆಗುವ ಮಾತಲ್ಲ. ಬಚ್ಚಲುಮನೆಯನ್ನು ಹೊಸದಾಗಿ ಕಟ್ಟಿಸುವವರು ಯೋಚಿಸಬಹುದು.

ಎರಡಕ್ಕೂ ಅರ್ಥಿಂಗ್ ಮತ್ತು 30 ಮಿಲಿಆಂಪ್ ಆರ್‌ಸಿಸಿಬಿ ಇರಲೇಬೇಕು. ಅದರ ಮೇಲಿನ ಟೆಸ್ಟ್ ಗುಂಡಿ ಒತ್ತಿದಾಗ ಕರೆಂಟ್ ಕಡಿತವಾಗದಿದ್ದರೆ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಸರಿಯಾಗುವ ತನಕ ವಾರ್ಮರ್ ಹಾಕಬೇಡಿ.

ನಮ್ಮ ತೀರ್ಮಾನ: ಫಾರ್ವರ್ಡ್ ಅರ್ಧ ಸತ್ಯ. ಒಂದು ರೂಪಾಯಿಗೆ ಟವೆಲ್ ಬೆಚ್ಚಗಾಗುತ್ತದೆ, ಬಚ್ಚಲುಮನೆ ಅಲ್ಲ.