ದನ ಧನವಾದೀತು, ಎಚ್ಚರ!

ಹಳೆಯ ಕಾದಂಬರಿಯೊಂದರ ಪುಟ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ ಇದೆ ಎಂದುಕೊಳ್ಳಿ. ಅದನ್ನು ಬಣ್ಣದಲ್ಲಿ, 600 ಡಿಪಿಐಗೆ ಸ್ಕ್ಯಾನ್ ಮಾಡಿದರೆ ಹೆಚ್ಚುಕಡಿಮೆ 1.68 ಕೋಟಿ ಚುಕ್ಕೆಗಳಾಗುತ್ತವೆ. ಚುಕ್ಕೆಗೆ ಮೂರು ಬೈಟ್ ಎಂದರೆ ಪುಟಕ್ಕೆ 50 ಎಂಬಿ, ಇನ್ನೂರು ಪುಟದ ಪುಸ್ತಕಕ್ಕೆ 10 ಜಿಬಿ. ಇಲ್ಲಿರುವುದು ಕಪ್ಪು ಶಾಯಿ ಮತ್ತು ಬಿಳಿ ಕಾಗದ ಮಾತ್ರ ಎಂದು ಒಪ್ಪಿಕೊಂಡರೆ ಚುಕ್ಕೆಗೆ ಒಂದೇ ಬಿಟ್ ಸಾಕು. ಪುಟ 2.1 ಎಂಬಿಗೆ ಇಳಿಯುತ್ತದೆ, ಇನ್ನೂ ಏನನ್ನೂ ಒತ್ತದೆ!

ಒತ್ತುವ ಹಳೆಯ ದಾರಿ ಫ್ಯಾಕ್ಸ್ ಯಂತ್ರಗಳಿಂದ ಬಂದದ್ದು, ಹೆಸರು ಗ್ರೂಪ್ 4. ಅದು ಪ್ರತಿ ಸಾಲಿನ ಚುಕ್ಕೆಗಳನ್ನು ಬರೆದಿಡುವುದಿಲ್ಲ. ಮೇಲಿನ ಸಾಲಿನಲ್ಲಿ ಕಪ್ಪು ಎಲ್ಲಿ ಶುರುವಾಗಿತ್ತೋ, ಈ ಸಾಲಿನಲ್ಲಿ ಅದು ಎಷ್ಟು ಆಚೀಚೆ ಸರಿಯಿತು ಎಂಬುದನ್ನಷ್ಟೇ ಗುರುತು ಹಾಕಿಕೊಳ್ಳುತ್ತದೆ. ಅಕ್ಷರದ ಅಂಚುಗಳು ಸಾಲಿನಿಂದ ಸಾಲಿಗೆ ಅಷ್ಟೇನೂ ಕದಲದ ಕಾರಣ ಸ್ವಚ್ಛವಾದ ಅಚ್ಚಿನ ಪುಟ 100 ಕೆಬಿ ಆಸುಪಾಸಿಗೆ ಬಂದು ನಿಲ್ಲುತ್ತದೆ. ಒಂದು ಚುಕ್ಕೆಯೂ ಕಳೆಯುವುದಿಲ್ಲ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಕನ್ನಡ ಪುಸ್ತಕಗಳಿಗೂ ಈ ಕಪ್ಪು-ಬಿಳುಪಿನ ದಾರಿಯೇ ಗತಿಯಾಗಿತ್ತು.

2000ದ ಹೊತ್ತಿಗೆ ಬಂದ ಜೆಬಿಗ್2 ಇನ್ನೂ ಜಾಣ. ಪುಟದಲ್ಲಿ ಒಂದಕ್ಕೊಂದು ಅಂಟಿಕೊಂಡ ಕಪ್ಪು ಚುಕ್ಕೆಗಳ ಗುಂಪನ್ನು ಅದು ಒಂದು ಆಕಾರವೆಂದು ಎಣಿಸುತ್ತದೆ. ಅಂಥದೇ ಆಕಾರ ಮತ್ತೆ ಕಂಡರೆ ಹೊಸದಾಗಿ ಚಿತ್ರ ಬರೆಯದೆ, 'ಮೂವತ್ತನೆಯ ಆಕಾರವನ್ನು ಇಲ್ಲಿಡು' ಎಂದು ಜಾಗ ಮಾತ್ರ ಸೂಚಿಸುತ್ತದೆ. ಮೊಳೆ ಜೋಡಿಸುವವನ ಕೆಲಸವನ್ನೇ ಹಿಂದುಮುಂದಾಗಿ ಮಾಡಿದಂತೆ. ತೊಡಕಿರುವುದು 'ಅಂಥದೇ' ಎಂಬಲ್ಲಿ. ಎಷ್ಟು ಹೋಲಿದರೆ ಒಂದೇ ಎನ್ನಬೇಕು?

ಇದನ್ನು ಸಡಿಲ ಬಿಟ್ಟರೆ ಏನಾಗುತ್ತದೆಂದು 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ತೋರಿಸಿಕೊಟ್ಟರು. ಝೆರಾಕ್ಸ್ ಕಂಪನಿಯ ವರ್ಕ್‌ಸೆಂಟರ್ ಯಂತ್ರದಲ್ಲಿ ಸ್ಕ್ಯಾನ್ ಮಾಡಿದ ಮನೆಯ ನಕ್ಷೆಯಲ್ಲಿ ಮೂರು ಕೋಣೆಗಳಿದ್ದವು: 14.13, 21.11 ಮತ್ತು 17.42 ಚದರ ಮೀಟರ್. ಹೊರಬಂದ ಪ್ರತಿಯಲ್ಲಿ ಮೂರೂ 14.13! ಸಣ್ಣ ಅಂಕಿಗಳ ತುಣುಕುಗಳು ಯಂತ್ರಕ್ಕೆ ಒಂದೇ ಎನಿಸಿ, ಒಂದರ ಜಾಗದಲ್ಲಿ ಇನ್ನೊಂದು ಕೂತಿತ್ತು. ಮಸುಕಾಗಿದ್ದರೆ ಓದುಗನಿಗೆ ಅನುಮಾನವಾದರೂ ಬರುತ್ತಿತ್ತು. ಇಲ್ಲಿ ತಪ್ಪು ಅಂಕಿ ಸ್ಫುಟವಾಗಿಯೇ ಇತ್ತು. ಕೊನೆಗೆ ಕಂಪನಿ ತಂತ್ರಾಂಶ ತಿದ್ದುಪಡಿ ಹೊರಡಿಸಬೇಕಾಯಿತು.

ಕನ್ನಡಕ್ಕೆ ಈ ಭಯ ಇಂಗ್ಲಿಷಿಗಿಂತ ಹೆಚ್ಚೆಂದೇ ನನ್ನ ಅನಿಸಿಕೆ. ದ ಮತ್ತು ಧ, ಪ ಮತ್ತು ಫ ಇವುಗಳ ನಡುವೆ ಇರುವುದು ಬುಡದ ಒಂದು ಚಿಕ್ಕ ಸೀಳು. ಶಾಯಿ ಕಡಿಮೆ ತಾಗಿದ ಅಚ್ಚಿನಲ್ಲಿ, 300 ಡಿಪಿಐಗೆ ಇಳಿಸಿದಾಗ, ಆ ಸೀಳು ಕೆಲವೇ ಚುಕ್ಕೆಗಳಷ್ಟು. ಇಡೀ ಅಕ್ಷರದ ಲೆಕ್ಕದಲ್ಲಿ ಅದು ಯಂತ್ರಕ್ಕೆ ಕಸ. ದನ ಧನವಾದರೆ ಕಾಗುಣಿತ ಪರೀಕ್ಷೆಯೂ ಹಿಡಿಯುವುದಿಲ್ಲ, ಎರಡೂ ಸರಿಯಾದ ಪದಗಳೇ.

ಕಂಡುಹಿಡಿಯುವುದು ಹೇಗೆ? ಮೊಳೆಯಚ್ಚಿನ ಪುಟವನ್ನು ಎಂಟು ಪಟ್ಟು ಹಿಗ್ಗಿಸಿ ನೋಡಿ. ಶಾಯಿ ಪ್ರತಿ ಸಲವೂ ಬೇರೆ ಬೇರೆಯಾಗಿ ಹರಡಿರುತ್ತದೆ. ಹಾಗಾಗಿ ಎರಡು 'ನ' ಅಚ್ಚುಕಟ್ಟಾಗಿ ಒಂದೇ ಇರುವುದಿಲ್ಲ. ಪುಟದ ಐದಾರು 'ನ'ಗಳ ಅಂಚಿನಲ್ಲಿ ಒಂದೇ ಜಾಗದಲ್ಲಿ ಒಂದೇ ಹಲ್ಲು ಮುರಿದಿದ್ದರೆ, ಆಕಾರದ ಬದಲಿ ನಡೆದಿದೆ ಎಂದರ್ಥ. ಕಂಪ್ಯೂಟರಿನಲ್ಲಿ ಈ ಆಜ್ಞೆ ಕೊಟ್ಟೂ ನೋಡಬಹುದು:

```
pdfimages -list pustaka.pdf
```

`enc` ಅಂಕಣದಲ್ಲಿ `ccitt` ಇದ್ದರೆ ನಿಶ್ಚಿಂತೆ, ಈ ಬಗೆಯ ಅದಲುಬದಲು ಅಲ್ಲಿಲ್ಲ. `jbig2` ಇದ್ದರೆ ಕಣ್ಣಿನ ಪರೀಕ್ಷೆ ಬೇಕು, ಏಕೆಂದರೆ ಜೆಬಿಗ್2ನಲ್ಲೇ ಏನನ್ನೂ ಕಳೆಯದ ಬಗೆಯೂ ಇದೆ. ಗ್ರೂಪ್ 4ಕ್ಕಿಂತ ಅದೂ ಚಿಕ್ಕದೇ. ಕನ್ನಡ ಪುಸ್ತಕಕ್ಕೆ ಅದನ್ನೇ ಆರಿಸಿ. ಉಳಿಯುವ ಇನ್ನಷ್ಟು ಕೆಬಿಯ ಆಸೆ ಬೇಡ.

ಆದರೆ ಎಲ್ಲ ಪುಟವೂ ಬರೀ ಕಪ್ಪು-ಬಿಳುಪಲ್ಲ. ಗ್ರಂಥಾಲಯದ ನೇರಳೆ ಮೊಹರು, ಲೇಖಕರ ಭಾವಚಿತ್ರ, ಹಳದಿಗಟ್ಟಿದ ಕಾಗದ ಇರುತ್ತವೆ. ಒಂದೇ ಬಿಟ್‌ಗೆ ಇಳಿಸಿದರೆ ಭಾವಚಿತ್ರ ಮಸಿಯಾಗುತ್ತದೆ. ಪೂರ್ತಿ ಜೆಪೆಗ್ ಮಾಡಿದರೆ ಅಕ್ಷರಗಳ ಸುತ್ತ ಕೊಳಕು ಮಂಜು ಕಟ್ಟುತ್ತದೆ. ಇದಕ್ಕೆ ಉಪಾಯ ಮಿಶ್ರ ಪದರಗಳು, ತಂತ್ರಜ್ಞರ ಬಾಯಲ್ಲಿ ಎಂಆರ್‌ಸಿ. ಪುಟವನ್ನು ಮೂರಾಗಿ ಬಿಡಿಸುತ್ತಾರೆ. ಅಕ್ಷರ ಎಲ್ಲೆಲ್ಲಿದೆ ಎಂದು ಹೇಳುವ ಮಾಸ್ಕ್ ಒಂದು. ಅದು ಕಪ್ಪು-ಬಿಳುಪು, ಜೆಬಿಗ್2 ಅಥವಾ ಅಂಥದೇ ವಿಧಾನದಲ್ಲಿ ಪೂರ್ಣ ಸ್ಫುಟತೆಯಲ್ಲಿರುತ್ತದೆ. ಹಿಂದಿನ ಕಾಗದ ಮತ್ತು ಚಿತ್ರದ ಪದರ 100 ಡಿಪಿಐ ಆದರೂ ನಡೆಯುತ್ತದೆ. ಶಾಯಿಯ ಬಣ್ಣದ ಪದರಕ್ಕೆ 25 ಡಿಪಿಐ ಸಾಕು. ತೆರೆಯ ಮೇಲೆ ಮಾಸ್ಕಿನ ಮೂಲಕ ಶಾಯಿಯನ್ನು ಕಾಗದದ ಮೇಲೆ ಹರಿಸಿ ಪುಟ ಕಟ್ಟುತ್ತಾರೆ. 1990ರ ದಶಕದ ಕೊನೆಯಲ್ಲಿ ಎಟಿ ಆ್ಯಂಡ್ ಟಿ ಪ್ರಯೋಗಾಲಯದಲ್ಲಿ ಯಾನ್ ಲೆಕುನ್, ಲಿಯೋನ್ ಬೊಟ್ಟೂ ಮತ್ತಿತರರು ರೂಪಿಸಿದ ಡೆಜಾವೂ ಕಡತಗಳು ನಡೆದದ್ದು ಹೀಗೆ.

ಇದರಲ್ಲಿ ನನಗೆ ಇಷ್ಟವಾದ ಚಾತುರ್ಯ ಒಂದಿದೆ. ಅಕ್ಷರದ ಅಡಿಯಲ್ಲಿರುವ ಕಾಗದ ಹೇಗೂ ಕಾಣುವುದಿಲ್ಲ. ಅಲ್ಲಿ ಯಾವ ಬಣ್ಣ ತುಂಬಿದರೂ ಕೇಳುವವರಿಲ್ಲ. ಹಾಗಾಗಿ ಸುತ್ತಲಿನ ಬಣ್ಣವನ್ನೇ ನಯವಾಗಿ ಎಳೆದು ತುಂಬುತ್ತಾರೆ. ಚೂಪು ಅಂಚುಗಳಿಲ್ಲದ ಹಿನ್ನೆಲೆ ಬಹಳ ಚೆನ್ನಾಗಿ ಕುಗ್ಗುತ್ತದೆ.

ಮುಗ್ಗರಿಸುವುದು ಪದರ ಬಿಡಿಸುವಾಗ. ಭಾವಚಿತ್ರದ ಅಚ್ಚುಚುಕ್ಕೆಗಳನ್ನು ಅಕ್ಷರವೆಂದು ಭಾವಿಸಿದರೆ ಮಾಸ್ಕ್ ಊದಿಕೊಳ್ಳುತ್ತದೆ. ಅಂಚಿನಲ್ಲಿ ಯಾರೋ ಸೀಸದಕಡ್ಡಿಯಲ್ಲಿ ಬರೆದ ಟಿಪ್ಪಣಿಯನ್ನು ಕಾಗದದ ಕಲೆಯೆಂದು ತಳ್ಳಿದರೆ ಅದು 100 ಡಿಪಿಐನಲ್ಲಿ ಕರಗಿ ಓದಲಾಗದಂತಾಗುತ್ತದೆ. ಅಂಥ ಪುಟಗಳನ್ನು ಮಾತ್ರ ಆರಿಸಿ ಹಿನ್ನೆಲೆಯನ್ನು 200ಕ್ಕೆ ಏರಿಸಬೇಕು. ಹಿನ್ನೆಲೆಯ ಚುಕ್ಕೆಗಳು ನಾಲ್ಕು ಪಟ್ಟಾಗುತ್ತವೆ, ಆದರೂ ಇಡೀ ಪುಸ್ತಕದಲ್ಲಿ ಅಂಥವು ಬೆರಳೆಣಿಕೆಯಷ್ಟೇ ಇರುವುದರಿಂದ ಕಡತದ ಭಾರ ಅಷ್ಟೇನೂ ಏರುವುದಿಲ್ಲ.