ಓದಿದರೆ ತಿಳಿಯುತ್ತದೆ, ಕೇಳಿದರೆ ಇಲ್ಲ

ಹಾಸನದ ಕಡೆಯ ನರ್ಸ್ ಒಬ್ಬರು ಜರ್ಮನ್ ಕಲಿಯಲು ನನ್ನ ಬಳಿ ಬರುತ್ತಿದ್ದರು. ಜರ್ಮನಿಯಲ್ಲಿ ನರ್ಸ್ ಆಗಿ ಕೆಲಸ ಮಾಡಲು ಸಾಮಾನ್ಯವಾಗಿ ಬಿ2 ಮಟ್ಟದ ಭಾಷೆ ಬೇಕು. ಅವರು ಅದಕ್ಕೆ ಒಂದು ಮೆಟ್ಟಿಲು ಕೆಳಗೆ, ಬಿ1ರಲ್ಲಿ ನಿಂತಿದ್ದರು. ವ್ಯಾಕರಣ ಗೊತ್ತಿತ್ತು, ಪಾಠವನ್ನು ಸರಾಗವಾಗಿ ಓದುತ್ತಿದ್ದರು. ಆಡಿಯೊ ಹಾಕಿದರೆ ಮಾತ್ರ ಮುಖ ಬಾಡುತ್ತಿತ್ತು. "ಮೇಡಂ, ಕಾಗದದಲ್ಲಿ ನೋಡಿದರೆ ಎಲ್ಲಾ ಗೊತ್ತಿರೋ ಪದಗಳೇ. ಕೇಳುವಾಗ ಒಂದೂ ಸಿಗಲ್ಲ" ಎಂದರು. ಮಧ್ಯಮ ಹಂತ ತಲುಪಿದ ಹೆಚ್ಚಿನವರ ಕಷ್ಟ ಇದೇ.

ಇದಕ್ಕೆ ಕಾರಣ ಪದಗಳ ಕೊರತೆಯಲ್ಲ. ಆಡುವಾಗ ಪದಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಾವು "ಏನು ಮಾಡುತ್ತಿದ್ದೀಯ" ಎಂದು ಬರೆದು "ಏನ್ಮಾಡ್ತಿದೀಯ" ಎನ್ನುತ್ತೇವೆ. ಪುಸ್ತಕದಿಂದ ಕನ್ನಡ ಕಲಿತವರಿಗೆ ಅದು ಯಾವುದೋ ಹೊಸ ಪದದಂತೆ ಕೇಳಿಸುತ್ತದೆ. ಜರ್ಮನ್ನರೂ ಹಾಗೆಯೇ 'ಹಾಬೆನ್' ಎಂದು ಬರೆದು 'ಹಾಮ್' ಎನ್ನುತ್ತಾರೆ, 'ಇಸ್ಟ್ ಎಸ್' ಎಂದು ಬರೆದು 'ಇಸೆಸ್' ಎನ್ನುತ್ತಾರೆ. ಕಣ್ಣಿಗೆ ಪರಿಚಯವಿರುವ ಪದ ಕಿವಿಗೆ ಅಪರಿಚಿತ. ಹ್ರಸ್ವ ದೀರ್ಘಗಳ ವ್ಯತ್ಯಾಸದಲ್ಲಿ ಕನ್ನಡದ ಕಿವಿ ಸೋಲುವುದಿಲ್ಲ, ಅದು ನಮಗೆ ಹುಟ್ಟಿನಿಂದಲೇ ಬಂದಿದೆ. ನಾವು ಎಡವುವುದು ಈ ಅಂಟುಗಳಲ್ಲಿ.

ಮೊದಲ ಕೆಲಸ, ಸರಿಯಾದ ಆಡಿಯೊ ಆರಿಸುವುದು. ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚೆ ವೆಲ್ಲೆ ಕಲಿಯುವವರಿಗಾಗಿ ಮಟ್ಟವಾರು ಆಡಿಯೊಗಳನ್ನು ಉಚಿತವಾಗಿ ಕೊಡುತ್ತದೆ. ಬಿ1ರವರಿಗೆ 'ಟಾಪ್ ಥೀಮಾ' ಎಂಬ ಸರಣಿಯಿದೆ, ಕೆಲವೇ ನಿಮಿಷಗಳ ಬರಹ, ಓದಿದ ಧ್ವನಿಯೊಂದಿಗೆ. ಮಟ್ಟದ ಹೆಸರನ್ನು ನೋಡಿ ಸುಮ್ಮನಾಗಬೇಡಿ. ಅದೇ ಸರಣಿಯ ಇನ್ನೊಂದು ಬರಹವನ್ನು ಓದಿ ನೋಡಿ. ನೂರು ಪದಗಳಲ್ಲಿ ಐದಕ್ಕಿಂತ ಹೆಚ್ಚು ಗೊತ್ತಿಲ್ಲದವು ಸಿಕ್ಕರೆ, ಅದು ಸದ್ಯಕ್ಕೆ ಓದಲು ಸರಿ, ಕೇಳುವ ಅಭ್ಯಾಸಕ್ಕೆ ಅಲ್ಲ. ಓದಿದರೆ ಪೂರ್ತಿ ತಿಳಿದು, ಕೇಳಿದರೆ ಅರ್ಧ ತಿಳಿಯುವಂಥದ್ದೇ ಅಭ್ಯಾಸಕ್ಕೆ ಹೇಳಿ ಮಾಡಿಸಿದ ಆಡಿಯೊ. ಎರಡು ನಿಮಿಷ ಸಾಕು.

ಇನ್ನು ಮುದ್ರಿತ ಪಠ್ಯದ ವಿಷಯ. ಪೂರ್ತಿ ಪಠ್ಯವನ್ನು ಕೈಯಲ್ಲಿ ಹಿಡಿದು ಕೇಳಿದರೆ ಕಣ್ಣು ಮುಂದೆ ಓಡಿ ಕಿವಿಯ ಕೆಲಸವನ್ನೂ ತಾನೇ ಮಾಡಿಬಿಡುತ್ತದೆ. 'ಕೇಳಿಸಿತು' ಎಂಬ ಭಾವನೆ ಬರುತ್ತದೆ, ಆದರೆ ಕೇಳಿಸಿರುವುದಿಲ್ಲ. ಪಠ್ಯವೇ ಇಲ್ಲದಿದ್ದರೆ ತಪ್ಪಿದ್ದು ಎಲ್ಲಿ ಎಂಬುದೇ ತಿಳಿಯದು. ಹೀಗಾಗಿ ನಡುವಿನ ದಾರಿ ಹಿಡಿಯಬೇಕು. ಶಾಲೆಯಲ್ಲಿ ನಾವೆಲ್ಲ ಮಾಡಿದ 'ಬಿಟ್ಟ ಸ್ಥಳ ತುಂಬಿರಿ' ಇಲ್ಲಿ ಹೊಸ ಕೆಲಸಕ್ಕೆ ಬರುತ್ತದೆ.

ಯಾವ ಪದಗಳನ್ನು ಬಿಡಬೇಕು ಎಂಬುದರಲ್ಲೇ ಎಲ್ಲ ಇದೆ. ಹಲವರು ಕಠಿಣ ನಾಮಪದಗಳನ್ನು ಅಳಿಸುತ್ತಾರೆ. ಅದು ಶಬ್ದಸಂಪತ್ತಿನ ಪರೀಕ್ಷೆಯಾಗುತ್ತದೆ, ಕಿವಿಯದಲ್ಲ. ಅಳಿಸಬೇಕಾದದ್ದು ಚೆನ್ನಾಗಿ ಗೊತ್ತಿರುವ, ಆದರೆ ಮಾತಿನಲ್ಲಿ ಸವೆದುಹೋಗುವ ಸಣ್ಣ ಪದಗಳನ್ನು. ನಾನು ಆ ನರ್ಸ್‌ಗೆ ಕೊಟ್ಟದ್ದು ಕ್ಲಿನಿಕ್‌ನಿಂದ ಬಂದ ಫೋನ್ ಸಂದೇಶದಂತೆ ನಾನೇ ಬರೆದು, ಸಹಜ ವೇಗದಲ್ಲಿ ಓದಿಸಿದ ನಾಲ್ಕು ಸಾಲು. ಅದರ ಮುಖ್ಯ ಭಾಗ ಹೀಗಿತ್ತು:

ವೀರ್ ____ ____ ಟೆರ್ಮೀನ್ ಫೆರ್‌ಶೋಬೆನ್. ಜೀ ಕೊಮೆನ್ ಯೆಟ್ಸ್ಟ್ ____ ಆಮ್ ಮೋನ್‌ಟಾಗ್, ಜೋಂಡರ್ನ್ ಆಮ್ ಡೀನ್ಸ್‌ಟಾಗ್ ಉಮ್ ____ ಫೀರ್. ಬ್ರಿಂಗೆನ್ ಜೀ ಬಿಟ್ಟೆ ಡೀ ಕಾರ್ಟೆ ____.

ನಿಮ್ಮ ಅಪಾಯಿಂಟ್‌ಮೆಂಟ್ ಮುಂದೂಡಿದ್ದೇವೆ, ಸೋಮವಾರ ಅಲ್ಲ, ಮಂಗಳವಾರ ಮೂರೂವರೆಗೆ ಬನ್ನಿ, ಕಾರ್ಡ್ ಜೊತೆಗೆ ತನ್ನಿ ಎಂದು ಅರ್ಥ.

ಈ ಕಾಗದ ಕೊಡುವ ಮೊದಲು ಅವರು ಎರಡು ಸಲ ಬರಿಗೈಯಲ್ಲಿ ಕೇಳಿದರು. ಮೊದಲ ಸಲ ಕೇಳಿ, ವಿಷಯ ಏನೆಂದು ಕನ್ನಡದಲ್ಲಿ ಹೇಳಿದರು: "ಯಾವುದೋ ಅಪಾಯಿಂಟ್‌ಮೆಂಟ್, ಮಂಗಳವಾರ." ಎರಡನೇ ಸಲ ಕೇಳಿ ಕಿವಿಗೆ ಬಿದ್ದ ಪದಗಳನ್ನು ಬರೆದುಕೊಂಡರು. ಮೂರನೇ ಸಲ ಕಾಗದ ಕೊಟ್ಟೆ. ನಾಲ್ಕನೇ ಸಲ ಒಂದೊಂದು ವಾಕ್ಯಕ್ಕೆ ನಿಲ್ಲಿಸಿ, ಬಿಟ್ಟ ಸ್ಥಳದ ಬಳಿ ಮಾತ್ರ ಹಿಂದೆ ಹೋಗಿ ಕೇಳಿದರು. ಆಮೇಲೆಯೇ ಪೂರ್ತಿ ಪಠ್ಯದೊಂದಿಗೆ ಹೋಲಿಸಿದ್ದು.

ಹೋಲಿಕೆಯಲ್ಲಿ ಮೂರು ಬಗೆಯ ತಪ್ಪುಗಳು ಹೊರಬಂದವು. ಮೊದಲ ಎರಡು ಜಾಗಗಳಿಗೆ ಅವರು ಒಂದೇ ಪದ ಬರೆದು ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿದ್ದರು: 'ಹಾಮೀರ್ನ್'. ಅದು 'ಹಾಬೆನ್ ಈರೆನ್', ಎರಡೂ ಮೊದಲ ತಿಂಗಳ ಪದಗಳು. ಇದು ಕಿವಿಯ ತಪ್ಪು, ಮತ್ತೆ ಮತ್ತೆ ಕೇಳಿಯೇ ಸರಿಹೋಗಬೇಕು. 'ಫೆರ್‌ಶೋಬೆನ್' ಕಾಗದದಲ್ಲಿ ಎದುರಿಗೇ ಇತ್ತು, ಅರ್ಥ ಗೊತ್ತಿರಲಿಲ್ಲ. ಅದನ್ನು ಸಾವಿರ ಸಲ ಕೇಳಿದರೂ ಅರ್ಥ ಬರುವುದಿಲ್ಲ, ನಿಘಂಟು ತೆರೆಯಬೇಕು. ನಾಲ್ಕನೇ ಜಾಗಕ್ಕೆ 'ಹಾಲ್ಬ್' ಎಂದು ಸರಿಯಾಗಿಯೇ ಬರೆದಿದ್ದರು, ಆದರೆ ಸಮಯ ಕೇಳಿದಾಗ "ನಾಲ್ಕೂವರೆ" ಎಂದರು. 'ಹಾಲ್ಬ್ ಫೀರ್' ಅಂದರೆ ಜರ್ಮನ್ನರಿಗೆ ನಾಲ್ಕಕ್ಕೆ ಅರ್ಧ ಗಂಟೆ ಮೊದಲು, ಮೂರೂವರೆ. ಕನ್ನಡದ ಲೆಕ್ಕ ಅಡ್ಡಬಂದಿತ್ತು. ನಿಜ ಜೀವನದಲ್ಲಾಗಿದ್ದರೆ ಅವರು ಒಂದು ಗಂಟೆ ತಡವಾಗಿ ಹೋಗುತ್ತಿದ್ದರು. ತಪ್ಪನ್ನು ಹೀಗೆ ವಿಂಗಡಿಸದೆ 'ಇನ್ನಷ್ಟು ಕೇಳು' ಎಂದು ಹೇಳುವುದು ಪಾಠವಲ್ಲ ಎಂದೇ ನನ್ನ ಅಭಿಪ್ರಾಯ.

ಹೋಲಿಕೆ ಮುಗಿದ ಮೇಲೆ ಕಾಗದ ಮುಚ್ಚಿಟ್ಟು ಇನ್ನೊಮ್ಮೆ ಕೇಳಬೇಕು. ಮರುದಿನ ಒಂದು ಸಲ, ನಾಲ್ಕು ದಿನ ಬಿಟ್ಟು ಒಂದು ಸಲ. ಒಂದೇ ಕೂತಲ್ಲಿ ಹತ್ತಾರು ಸಲ ಕೇಳುವುದರಿಂದ ಪ್ರಯೋಜನ ಕಡಿಮೆ. ವಾಕ್ಯ ಬರುವ ಮೊದಲೇ ನಿಮ್ಮ ಬಾಯಲ್ಲಿ ಅದು ಬಂದರೆ, ನೀವು ಕೇಳುತ್ತಿಲ್ಲ, ಕಂಠಪಾಠ ಒಪ್ಪಿಸುತ್ತಿದ್ದೀರಿ. ಆಗ ಅದೇ ವಿಷಯದ ಬೇರೆ ಆಡಿಯೊ ಹಾಕಿಕೊಳ್ಳಿ. ಅಲ್ಲಿ 'ಹಾಮ್' ಬಂದಾಗ 'ಹಾಬೆನ್' ಎಂದು ತಾನಾಗಿ ಹೊಳೆದರೆ ಕಿವಿ ಕಲಿತಿದೆ ಎಂದರ್ಥ.

ನಿಧಾನ ವೇಗದ ಬಗ್ಗೆ ಒಂದು ಎಚ್ಚರಿಕೆ. ಡಾಯ್ಚೆ ವೆಲ್ಲೆಯಲ್ಲಿ ನಿಧಾನವಾಗಿ ಓದಿದ ವಾರ್ತೆಗಳೂ ಇವೆ, ಅದೇ ವಾರ್ತೆ ಸಹಜ ವೇಗದಲ್ಲೂ ಇದೆ. ನಿಧಾನವಾಗಿ ಓದುವವರು ಪದಗಳನ್ನು ಬಿಡಿಸಿ ಉಚ್ಚರಿಸುತ್ತಾರೆ. ಅಂಟು ಅಲ್ಲಿ ಮಾಯವಾಗಿರುತ್ತದೆ. ಆದ್ದರಿಂದ ಮೊದಲು ಸಹಜ ವೇಗ, ಸಿಗದ ಕಡೆ ನಿಧಾನ, ಕೊನೆಗೆ ಮತ್ತೆ ಸಹಜ ವೇಗ.

ಒಬ್ಬರೇ ಕಲಿಯುವವರಿಗೆ ತೊಡಕೊಂದಿದೆ. ಪದ ಅಳಿಸಬೇಕಾದರೆ ಪಠ್ಯ ಓದಬೇಕು, ಓದಿದರೆ ಅಭ್ಯಾಸ ಕೆಟ್ಟಿತು. ಜೊತೆಗಾರರೊಬ್ಬರನ್ನು ಹುಡುಕಿಕೊಳ್ಳಿ. ನೀವು ಅವರಿಗೆ ಒಂದು ಆಡಿಯೊದ ಪಠ್ಯ ತಯಾರಿಸಿ, ಅವರು ನಿಮಗೆ ಇನ್ನೊಂದರದ್ದು. ಆರಂಭದಲ್ಲಿ ಸುಮಾರು ಐದರಲ್ಲಿ ಒಂದು ಪದ ಬಿಟ್ಟರೆ ಸಾಕು. ತಿಂಗಳು ಕಳೆದ ಮೇಲೆ ತಿರುಗಿಸಿ: ಊರಿನ ಹೆಸರು, ವ್ಯಕ್ತಿಯ ಹೆಸರು ಮಾತ್ರ ಕಾಗದದಲ್ಲಿರಲಿ, ಉಳಿದದ್ದೆಲ್ಲ ಖಾಲಿ.

ಈ ವಿಧಾನ ಬವೇರಿಯಾದ ಆಡುನುಡಿಯನ್ನಾಗಲಿ, ಗದ್ದಲದ ವಾರ್ಡಿನಲ್ಲಿ ಕೇಳುವುದನ್ನಾಗಲಿ ಕಲಿಸುವುದಿಲ್ಲ. ಪರೀಕ್ಷೆಗೂ ಇದು ಪೂರ್ತಿ ಸಿದ್ಧತೆಯಲ್ಲ. ಗೊಯೆಥೆ ಸಂಸ್ಥೆಯ ಬಿ1 ಪರೀಕ್ಷೆಯಲ್ಲಿ ಕೇಳುವ ವಿಭಾಗ ಸುಮಾರು 40 ನಿಮಿಷದ್ದು, ನಾಲ್ಕು ಭಾಗ. ಮೊದಲ ಮತ್ತು ಕೊನೆಯ ಭಾಗಗಳನ್ನು ಎರಡು ಸಲ ಕೇಳಿಸುತ್ತಾರೆ, ನಡುವಿನ ಎರಡನ್ನು ಒಂದೇ ಸಲ. ಪರೀಕ್ಷೆಗೆ ಎರಡು ವಾರ ಇರುವಾಗ ಈ ಕಾಗದಗಳನ್ನೆಲ್ಲ ಪಕ್ಕಕ್ಕಿಡಿ. ದಿನಕ್ಕೊಂದು ಹೊಸ ಆಡಿಯೊ ಹಾಕಿ, ಒಂದೇ ಸಲ ಕೇಳಿ, ಉತ್ತರ ಬರೆಯಿರಿ.